ಹೆಚ್ಚು ಮಾಲು ತಗೊಳ್ತೀವಿ ಅಂತ ಮಾತು ಕೊಟ್ಟು ದರ ಇಳಿಸಿಕೊಳ್ಳೋದು: ಇಮೇಲ್‌ನಲ್ಲಿ ಏನು ಬರೀಬೇಕು?

ಹೊಸಖರೀದಿ
ನಮ್ಮಲ್ಲಿ ಒಂದೇ ಅಳತೆಯ 5 ಪ್ಲೈ ಕಾರ್ಟನ್ ಬಾಕ್ಸ್ ಜಾಸ್ತಿ ಖರ್ಚಾಗುತ್ತೆ. ಹೋದ 12 ತಿಂಗಳಲ್ಲಿ 48,000 ಬಾಕ್ಸ್ ತಗೊಂಡಿದ್ದೀವಿ, 14 ಆರ್ಡರ್‌ಗಳಲ್ಲಿ. ಒಮ್ಮೆ 1,500, ಇನ್ನೊಮ್ಮೆ 6,000, ಸ್ಟಾಕ್ ಮುಗೀತಾ ಬಂದಾಗ ಆರ್ಡರ್ ಹಾಕೋದು. ಲೆಕ್ಕಕ್ಕೆ ಸುಲಭ ಆಗಲಿ ಅಂತ ಈಗಿನ ದರ ಒಂದು ಬಾಕ್ಸಿಗೆ 100 ಅಂತ ಇಟ್ಟುಕೊಳ್ಳಿ. ಮೇಲಿನವರು 8% ಇಳಿಸಿ ಅಂತಿದ್ದಾರೆ.

ಸಪ್ಲೈಯರ್ ಒಳ್ಳೆಯವರು, ಮಾಲು ಸರಿಯಾಗಿದೆ, ಹೇಳಿದ ದಿನಕ್ಕೆ ಬರುತ್ತೆ. "ಇಳಿಸಿ, ಇಲ್ಲಾಂದ್ರೆ ಬೇರೆ ಕಡೆ ಹೋಗ್ತೀವಿ" ಅಂತ ಬರೆಯೋಕೆ ನನಗೆ ಇಷ್ಟ ಇಲ್ಲ. ವರ್ಷಕ್ಕೆ ಇಷ್ಟು ಅಂತ ಮಾತು ಕೊಟ್ಟು ಕೇಳೋಣ ಅಂದುಕೊಂಡಿದ್ದೀನಿ. ಎಷ್ಟಕ್ಕೆ ಮಾತು ಕೊಡಬೇಕು, ಹೇಗೆ ಬರೀಬೇಕು?

ನೇರಮಾತು
ಇಷ್ಟೆಲ್ಲ ಯಾಕೆ? ಇನ್ನೊಬ್ಬರ ಕೊಟೇಶನ್ ತರಿಸಿ ಮೇಲ್‌ಗೆ ಅಟ್ಯಾಚ್ ಮಾಡಿ. ಎರಡು ದಿನದಲ್ಲಿ ಇಳಿಸ್ತಾರೆ.

ಗೋದಾಮುಲೆಕ್ಕ
@ನೇರಮಾತು ಇಳಿಸ್ತಾರೆ, ಸರಿ. ಎಲ್ಲಿಂದ ಇಳಿಸ್ತಾರೆ ಅನ್ನೋದನ್ನೂ ನೋಡಬೇಕಲ್ಲ? ಬಾಕ್ಸಿನಲ್ಲಿ ದೊಡ್ಡ ಖರ್ಚು ಕಾಗದದ್ದು. ಅವರ ಕೆಲಸ ಏನೂ ಹಗುರ ಆಗದೆ ಬರೀ ಒತ್ತಡಕ್ಕೆ ದರ ಇಳಿದರೆ, ಮುಂದಿನ ಲಾಟ್‌ನಲ್ಲಿ ಕಾಗದದ ಜಿಎಸ್‌ಎಂ, ಅಂದ್ರೆ ಒಂದು ಚದರ ಮೀಟರ್ ಕಾಗದದ ತೂಕ, ಇಳಿಯುತ್ತೆ. ಕಣ್ಣಿಗೆ ಗೊತ್ತಾಗಲ್ಲ. ಗೋದಾಮಿನಲ್ಲಿ ಆರು ಸಾಲು ಪೇರಿಸಿದಾಗ ಕೆಳಗಿನ ಬಾಕ್ಸಿನ ಮೂಲೆ ಕುಗ್ಗಿದಾಗ ಗೊತ್ತಾಗುತ್ತೆ. ದರ ಇಳಿಸಿಕೊಂಡ ಮೇಲೆ ಬರೋ ಪ್ರತಿ ಲಾಟ್‌ನಲ್ಲೂ ಹತ್ತು ಖಾಲಿ ಬಾಕ್ಸ್ ತೂಕ ಹಾಕಿ ಬರೆದಿಡಿ. ಕಾಗದ ತೆಳುವಾದರೆ ಮೊದಲು ತೂಕದಲ್ಲೇ ಸಿಕ್ಕಿಬೀಳುತ್ತೆ. ಮಳೆಗಾಲದ ತೇವಕ್ಕೆ ತೂಕ ಸ್ವಲ್ಪ ಏರುತ್ತೆ, ಅದನ್ನ ಗಮನದಲ್ಲಿಟ್ಟುಕೊಳ್ಳಿ.

ನೇರಮಾತು
ಜಿಎಸ್‌ಎಂ ಆರ್ಡರಿನಲ್ಲೇ ಬರೆದಿದ್ದರೆ ಹೇಗೆ ಇಳಿಸ್ತಾರೆ? ಮಾರುಕಟ್ಟೆ ದರ ಎಷ್ಟಿದೆ ಅಂತ ತಿಳಿಯದೆ ಮಾತಿಗೆ ಕೂರೋದು ಕುರುಡಾಟ.

ಗೋದಾಮುಲೆಕ್ಕ
ತಿಳಿದುಕೊಳ್ಳಿ, ಬೇಡ ಅನ್ನಲ್ಲ. ನಿಮ್ಮ ಕಡತದಲ್ಲಿ ಇರಲಿ, ಮೇಲ್‌ನಲ್ಲಿ ಬೇಡ. ಒಮ್ಮೆ ಬೇರೆಯವರ ಕೊಟೇಶನ್ ಮುಂದಿಟ್ಟರೆ ಮಾತು ಅದರ ಮೇಲೇ ನಿಲ್ಲುತ್ತೆ. ಆಮೇಲೆ ನೀವು ಮುಂದಿಡೋ ವರ್ಷದ ಯೋಜನೆಯನ್ನ ಯಾರೂ ಗಂಭೀರವಾಗಿ ಓದಲ್ಲ.

ಬೆಲೆಪಟ್ಟಿ
ಮಾರೋ ಕಡೆ ಕೂರೋನು ನಾನು, ಕಾರ್ಟನ್ ಲೈನೇ. "ಮುಂದೆ ಜಾಸ್ತಿ ಬಿಸಿನೆಸ್ ಕೊಡ್ತೀವಿ" ಅಂತ ಬರೋ ಮೇಲ್‌ಗೆ ನಮ್ಮಲ್ಲಿ ಬೆಲೆಯೇ ಇಲ್ಲ, ಯಾಕಂದ್ರೆ ಎಲ್ಲರೂ ಅದನ್ನೇ ಬರೀತಾರೆ. ಮ್ಯಾನೇಜರ್ ಮುಂದೆ ದರ ಇಳಿಸೋಕೆ ಅನುಮತಿ ಕೇಳುವಾಗ ನನಗೆ ಮೂರು ಪ್ರಶ್ನೆ ಬರುತ್ತೆ. ಒಟ್ಟು ಎಷ್ಟು ತಗೊಳ್ತಾರೆ, ಯಾವಾಗ ಯಾವಾಗ ತಗೊಳ್ತಾರೆ, ತಗೊಳ್ಳದಿದ್ದರೆ ಏನು. ಮೂರನೇದಕ್ಕೆ ಉತ್ತರ ಇಲ್ಲದ ಮೇಲ್ ಅಲ್ಲೇ ಬಿದ್ದುಹೋಗುತ್ತೆ.

ಇನ್ನೊಂದು ವಿಷಯ. 48,000 ಅನ್ನೋ ಸಂಖ್ಯೆಗಿಂತ ನಮಗೆ ಆ 14 ಆರ್ಡರ್ ಮುಖ್ಯ. ಪ್ರತಿ ಸಲ ಮೆಷಿನ್ ಸೆಟ್ ಮಾಡಬೇಕು, ಪ್ರಿಂಟಿಂಗ್ ಪ್ಲೇಟ್ ಏರಿಸಬೇಕು, ಇಂಕ್ ತೊಳೀಬೇಕು, ಬಣ್ಣ ಮತ್ತು ಮಡಿಕೆ ಸರಿಯಾಗೋ ತನಕ ಬರೋ ಮೊದಲ ಶೀಟ್‌ಗಳು ರದ್ದಿಗೆ. 1,500ರ ಆರ್ಡರಿಗೂ ಅಷ್ಟೇ ಕೆಲಸ, 8,000ಕ್ಕೂ ಅಷ್ಟೇ ಕೆಲಸ. ಒಂದು ಸೆಟ್ಟಿಂಗ್‌ಗೆ 200 ಶೀಟ್ ಹಾಳು ಅಂತ ಇಟ್ಟುಕೊಂಡರೆ 14 ಸಲಕ್ಕೆ 2,800. ಅದೇ ಮಾಲು 6 ಸಲದಲ್ಲಿ ಓಡಿಸಿದರೆ 1,200. ಒಂದು ಶೀಟಿಗೆ ಒಂದು ಬಾಕ್ಸ್ ಅಂತ ಹಿಡಿದರೆ, ಉಳಿದ 1,600 ಶೀಟ್ ಅಂದ್ರೆ 48,000ದಲ್ಲಿ 3.3%. ಮೆಷಿನ್ ಸುಮ್ಮನೆ ನಿಲ್ಲೋ ಸಮಯ ಬೇರೆ. ನೀವು ಕೇಳೋ ರಿಯಾಯಿತಿ ಇಲ್ಲಿಂದ ಹುಟ್ಟಬೇಕು. ಆಗ ಮಾತ್ರ ಅದು ಆರು ತಿಂಗಳಾದ ಮೇಲೂ ಉಳಿಯುತ್ತೆ.

ಒಂದೇಗಂಟು
ಹಾಗಾದ್ರೆ ವರ್ಷದ ಮಾಲನ್ನ ಒಂದೇ ಸಲ ತಗೊಂಡುಬಿಡಿ. ಒಂದೇ ಸೆಟ್ಟಿಂಗ್. 8% ಏನು, 10% ಕೂಡ ಕೊಡಬಹುದು.

ಲೆಕ್ಕದಕ್ಕ
@ಒಂದೇಗಂಟು ಸೆಟ್ಟಿಂಗ್ ವಿಷಯ ಸರಿ, ದುಡ್ಡಿನ ವಿಷಯ ತಪ್ಪು. ಸ್ಟಾಕ್ ಇಟ್ಟುಕೊಳ್ಳೋದಕ್ಕೂ ಖರ್ಚಿದೆ. ಬಡ್ಡಿ, ಜಾಗ, ಹಾಳಾಗೋದು ಎಲ್ಲ ಸೇರಿ ತಿಂಗಳಿಗೆ 1.5% ಅಂತ ಹಿಡಿಯಿರಿ. ವರ್ಷದ ಮಾಲು ಒಂದೇ ಸಲ ತಂದು ಸಮವಾಗಿ ಬಳಸಿದರೆ ಒಂದೊಂದು ಬಾಕ್ಸ್ ಸರಾಸರಿ 6 ತಿಂಗಳು ಗೋದಾಮಿನಲ್ಲಿ ಕೂತಿರುತ್ತೆ. 6 × 1.5 = 9%. ಅಲ್ಲಿಗೆ 8% ರಿಯಾಯಿತಿ ಸಿಕ್ಕರೂ ನಷ್ಟ. ಮೂರು ತಿಂಗಳ ಮಾಲು ತಂದರೆ ಸರಾಸರಿ ಒಂದೂವರೆ ತಿಂಗಳು, 2.25%. ಪ್ರತಿ ತಿಂಗಳು ತಂದರೆ ಅರ್ಧ ತಿಂಗಳು, 0.75%.

ಕಾಗದ ತೇವ ಎಳೆಯುತ್ತೆ, ಎಳೆದ ಮೇಲೆ ಬಾಕ್ಸಿನ ಗಟ್ಟಿತನ ಇಳಿಯುತ್ತೆ. ಹತ್ತು ತಿಂಗಳ ಹಳೇ ಬಾಕ್ಸಿನ ಮೇಲೆ ಹೊಸದರಷ್ಟು ಭಾರ ಹೇರೋಕಾಗಲ್ಲ. ಡಿಸೈನ್ ಬದಲಾದರಂತೂ ಉಳಿದದ್ದೆಲ್ಲ ರದ್ದಿ.

ಮಾತು ಕೊಡೋದು ವರ್ಷಕ್ಕೆ, ಮಾಲು ತರಿಸಿಕೊಳ್ಳೋದು ಕಂತಿನಲ್ಲಿ. ಈ ಎರಡನ್ನ ಬೇರೆ ಬೇರೆ ಇಟ್ಟರೇ ಲಾಭ.

ಹೊಸಖರೀದಿ
ಬೆಲೆಪಟ್ಟಿ ಸರ್, ಲೆಕ್ಕದಕ್ಕ, ತುಂಬಾ ಉಪಯೋಗ ಆಯ್ತು. ತಿಂಗಳ ಬಳಕೆ ತೆಗೆದು ನೋಡಿದೆ. ಸರಾಸರಿ 4,000, ಅತಿ ಕಡಿಮೆ 3,100, ಅತಿ ಹೆಚ್ಚು 5,200. ಮಾತು 48,000ಕ್ಕೇ ಕೊಡಲಾ?

ಲೆಕ್ಕದಕ್ಕ
ಬೇಡ. 48,000 ನಿಮ್ಮ ಅಂದಾಜು. ಮಾತು ಕೊಡಬೇಕಾದದ್ದು ವ್ಯಾಪಾರ ಸ್ವಲ್ಪ ಬಿದ್ದರೂ ನಡೆಸಿಕೊಡಬಹುದಾದ ಸಂಖ್ಯೆಗೆ. ವರ್ಷಪೂರ್ತಿ ಅತಿ ಕಡಿಮೆ ತಿಂಗಳಂತೆಯೇ ನಡೆದರೆ 37,200 ಆಗುತ್ತೆ. ಅದಕ್ಕೂ 48,000ಕ್ಕೂ ನಡುವೆ 40,000 ನಿಲ್ಲುತ್ತೆ, ಅಂದಾಜಿನ 83%. ಎರಡೂ ಸಂಖ್ಯೆಯನ್ನ ಮೇಲ್‌ನಲ್ಲಿ ಬರೀರಿ, ಆದ್ರೆ ಬೇರೆ ಬೇರೆ ವಾಕ್ಯದಲ್ಲಿ. "ಅಂದಾಜು 48,000, ಖಚಿತ 40,000." ಒಂದೇ ವಾಕ್ಯದಲ್ಲಿ ಕಲಸಿದರೆ ಅವರು ದೊಡ್ಡದನ್ನೇ ಮಾತು ಅಂತ ಹಿಡೀತಾರೆ.

ಬೆಲೆಪಟ್ಟಿ
ಒಪ್ಪಿದೆ. ತಯಾರಿಕೆಗೆ ನನ್ನ ಸಲಹೆ ಇದು. ಎರಡು ತಿಂಗಳಿಗೊಮ್ಮೆ 8,000ದ ಒಂದು ಲಾಟ್ ಓಡಿಸಲಿ. ಐದು ಲಾಟ್ ಖಚಿತ, ಆರನೇದು ನಿಮ್ಮ ಇಷ್ಟ. ಪ್ರತಿ ಲಾಟ್‌ನ ಅರ್ಧ ತಕ್ಷಣ ನಿಮಗೆ, ಉಳಿದರ್ಧ ಅವರ ಗೋದಾಮಿನಲ್ಲಿ, ನೀವು ಹೇಳಿದಾಗ ಕಳಿಸೋದು. ಅದಕ್ಕೊಂದು ಗಡುವು ಇರಲಿ. ತಯಾರಾದ ದಿನದಿಂದ 45 ದಿನದೊಳಗೆ ಎತ್ತಿಕೊಳ್ತೀವಿ, ಎತ್ತದಿದ್ದರೂ 46ನೇ ದಿನ ಬಿಲ್ ಮಾಡಿ ಅಂತ. ಈ ವಾಕ್ಯ ನೀವೇ ಬರೆದರೆ ನಮ್ಮ ಕಡೆ ಅರ್ಧ ಅನುಮಾನ ಹೋಗುತ್ತೆ.

ಮೋಡದಬಾಡಿಗೆ
ಇದೇ ವಿಷಯ ಅಂದುಕೊಂಡು ಕೇಳ್ತಿದ್ದೀನಿ. ನಮ್ಮ ಸಾಫ್ಟ್‌ವೇರ್ ಚಂದಾ 30 ಜನರಿಂದ 60ಕ್ಕೆ ಏರಿಸಿ ರಿಯಾಯಿತಿ ಕೇಳಬೇಕು. ಇದೇ ಮೇಲ್ ನಡೆಯುತ್ತಾ?

ಲೆಕ್ಕದಕ್ಕ
ಪೂರ್ತಿ ನಡೆಯಲ್ಲ. ಅಲ್ಲಿ ಸೆಟ್ಟಿಂಗ್ ಖರ್ಚೂ ಇಲ್ಲ, ಸ್ಟಾಕೂ ಇಲ್ಲ. ಅವರಿಗೆ ಬೇಕಾದದ್ದು ಅವಧಿ. 60 ಜನ ಬರೋ ತನಕ 60ಕ್ಕೆ ದುಡ್ಡು ಕಟ್ಟಬೇಡಿ. ಈಗ 35, ಆರು ತಿಂಗಳಿಗೆ 50, ಹೀಗೆ ಏರೋ ಪಟ್ಟಿ ಕೊಟ್ಟು 60ರ ದರವನ್ನ ಈಗಿಂದಲೇ ಕೇಳಿ. ಹೆಚ್ಚಿಗೆ ಬೇಕಿದ್ದರೆ ಹೊಸ ಥ್ರೆಡ್ ತೆರೀರಿ, ಇಲ್ಲಿ ಬಾಕ್ಸ್ ಮುಗಿಸೋಣ.

ಮೋಡದಬಾಡಿಗೆ
ಸರಿ ಅಕ್ಕ.

ಗೋದಾಮುಲೆಕ್ಕ
ಮೇಲ್‌ನ ಕರಡು ಇದು. ಸಂಖ್ಯೆ ಮೇಲೆ ಹೇಳಿದವೇ.

> ವಿಷಯ: 5 ಪ್ಲೈ ಬಾಕ್ಸ್ – ಮುಂದಿನ 12 ತಿಂಗಳ ಖರೀದಿ ಯೋಜನೆ ಮತ್ತು ದರ
>
> ನಮಸ್ಕಾರ,
>
> ಹೋದ 12 ತಿಂಗಳಲ್ಲಿ ನಿಮ್ಮಿಂದ 48,000 ಬಾಕ್ಸ್‌ಗಳನ್ನು 14 ಆರ್ಡರ್‌ಗಳಲ್ಲಿ ಪಡೆದಿದ್ದೇವೆ. ತಿಂಗಳವಾರು ಪಟ್ಟಿ ಲಗತ್ತಿಸಿದ್ದೇನೆ. ನಮ್ಮ ಆರ್ಡರ್‌ಗಳು ಚಿಕ್ಕದಾಗಿಯೂ ಅನಿಯಮಿತವಾಗಿಯೂ ಇದ್ದವು. ಇದರಿಂದ ನಿಮಗೆ ಮತ್ತೆ ಮತ್ತೆ ಮೆಷಿನ್ ಸೆಟ್ ಮಾಡಬೇಕಾಗುತ್ತಿತ್ತು. ಇದನ್ನು ಬದಲಿಸಬೇಕೆಂದಿದ್ದೇವೆ.
>
> ಮುಂದಿನ 12 ತಿಂಗಳಿಗೆ ನಮ್ಮ ಅಂದಾಜು 48,000. ಇದರಲ್ಲಿ 40,000 ಬಾಕ್ಸ್‌ಗಳನ್ನು ಖಚಿತವಾಗಿ ಪಡೆಯುತ್ತೇವೆ. ಎರಡು ತಿಂಗಳಿಗೊಮ್ಮೆ 8,000ದ ಲಾಟ್, ಅರ್ಧ ತಯಾರಾದ ಕೂಡಲೇ, ಉಳಿದದ್ದು 45 ದಿನದೊಳಗೆ. ಗಡುವು ಮೀರಿದರೆ ಬಿಲ್ ಮಾಡಬಹುದು.
>
> ಇದಕ್ಕೆ ನಾವು ಕೇಳುತ್ತಿರುವ ದರ: ಖಚಿತವಾದ 40,000ಕ್ಕೆ ಬಾಕ್ಸಿಗೆ 94. ಅದರ ಮೇಲಿನ ಬಾಕ್ಸ್‌ಗಳಿಗೆ ಮಾತ್ರ 92. ಕಾಗದದ ಜಿಎಸ್‌ಎಂ, ಫ್ಲೂಟ್, ಖಾಲಿ ಬಾಕ್ಸಿನ ತೂಕ ಈಗಿರುವಂತೆಯೇ.
>
> 12 ತಿಂಗಳಲ್ಲಿ ನಾವು ಪಡೆದದ್ದು 40,000ಕ್ಕಿಂತ ಕಡಿಮೆಯಾಗಿ, 30,000ಕ್ಕಿಂತ ಕಡಿಮೆಯಾಗದಿದ್ದರೆ, ಪಡೆದ ಎಲ್ಲ ಬಾಕ್ಸ್‌ಗಳಿಗೂ 96ರ ದರ ಅನ್ವಯಿಸಿ ವ್ಯತ್ಯಾಸ ಕಟ್ಟಿಕೊಡುತ್ತೇವೆ. 30,000ವೂ ಆಗದಿದ್ದರೆ ಈಗಿನ ದರವೇ.
>
> ನಿಮ್ಮ ತಯಾರಿಕೆಗೆ 8,000ಕ್ಕಿಂತ ಬೇರೆ ಲಾಟ್ ಅಳತೆ ಅನುಕೂಲವಾಗುವುದಾದರೆ ತಿಳಿಸಿ, ನಮ್ಮ ವೇಳಾಪಟ್ಟಿ ಹೊಂದಿಸಿಕೊಳ್ಳುತ್ತೇವೆ. ಇದು ಪ್ರಸ್ತಾಪ ಮಾತ್ರ. ಎರಡೂ ಕಡೆಯವರು ಸಹಿ ಹಾಕಿದ ಮೇಲೆ ಜಾರಿಗೆ ಬರುತ್ತದೆ.

"ಪ್ರಸ್ತಾಪ ಮಾತ್ರ" ಅನ್ನೋ ಸಾಲು ತೆಗೀಬೇಡಿ. ಆ ಕಡೆಯಿಂದ "ಒಪ್ಪಿದ್ದೇವೆ" ಅಂತ ಒಂದು ಸಾಲಿನ ಉತ್ತರ ಬಂದರೆ, ಎಷ್ಟೋ ಕಡೆ ಮೇಲ್‌ನ ಮಾತೇ ಕರಾರು ಆಗಬಹುದು. ನಿಮ್ಮ ಮೇಲಿನವರು ನೋಡೋ ಮೊದಲೇ 40,000ಕ್ಕೆ ಸಿಕ್ಕಿಬೀಳ್ತೀರಿ.

ನೇರಮಾತು
ಕಡಿಮೆ ಬಿದ್ದರೆ ಕಟ್ಟಿಕೊಡ್ತೀವಿ ಅಂತ ನಾವೇ ಬರೆದುಕೊಡೋದಾ? ಕೇಳೋ ಮೊದಲೇ ಕೈ ಕಟ್ಟಿಸಿಕೊಂಡ ಹಾಗಾಯ್ತು. ಅವರು ಕೇಳಿದರೆ ಆಮೇಲೆ ನೋಡಿದರಾಯ್ತು.

ಲೆಕ್ಕದಕ್ಕ
ಅವರು ಬರೆದರೆ ಅವರಿಗೆ ಬೇಕಾದ ಹಾಗೆ ಬರೀತಾರೆ. ವ್ಯತ್ಯಾಸ ಎಷ್ಟು ಅಂತ ನೋಡಿ. 36,000 ಮಾತ್ರ ತಗೊಂಡ್ರಿ ಅಂತ ಇಟ್ಟುಕೊಳ್ಳಿ. ಮೇಲಿನ ಕರಡಿನ ಪ್ರಕಾರ ಬಾಕ್ಸಿಗೆ 2ರ ಹಾಗೆ 36,000ಕ್ಕೆ 72,000 ಕಟ್ಟಬೇಕು, ಹಳೇ ದರದಲ್ಲಿ 720 ಬಾಕ್ಸಿನ ದುಡ್ಡು. ಅವರ ವಕೀಲರು ಬರೆದರೆ "ತಗೊಂಡರೂ ತಗೊಳ್ಳದಿದ್ದರೂ 40,000ಕ್ಕೆ ಬಿಲ್" ಅಂತಿರುತ್ತೆ. ಆಗ ಬರದ 4,000 ಬಾಕ್ಸಿಗೆ 94ರ ಹಾಗೆ 3,76,000. ಐದು ಪಟ್ಟಿಗೂ ಜಾಸ್ತಿ. ಮೊದಲು ಬರೆದವರ ಪಠ್ಯವನ್ನೇ ತಿದ್ದುತ್ತಾ ಹೋಗೋದು ವಾಡಿಕೆ, ಅದಕ್ಕೇ ನಾವೇ ಬರೀಬೇಕು.

ಬೆಲೆಪಟ್ಟಿ
ಒಂದು ತಿದ್ದುಪಡಿ. ಪ್ರಿಂಟ್ ಆದ ಬಾಕ್ಸ್ ಬೇರೆ ಯಾರಿಗೂ ಮಾರೋಕಾಗಲ್ಲ. ಹಾಗಾಗಿ ತಯಾರಾಗಿ ಕೂತಿರೋ ಮಾಲಿಗೆ ಪೂರ್ತಿ ದುಡ್ಡು ಕೇಳೇ ಕೇಳ್ತೀವಿ, ಅದು ನ್ಯಾಯ. ದರದ ವ್ಯತ್ಯಾಸ ಅನ್ನೋದು ಇನ್ನೂ ಓಡಿಸದ ಲಾಟ್‌ಗಳಿಂದಾದ ಕೊರತೆಗೆ ಮಾತ್ರ. ಕರಡಿನಲ್ಲಿ ಇದು ಬಿಡಿಸಿ ಬರಲಿ.

ಗೋದಾಮುಲೆಕ್ಕ
ಸರಿ, ಸೇರಿಸಬೇಕು.

ಚಿಕ್ಕಆರ್ಡರ್
ನನ್ನದು ತಿಂಗಳಿಗೆ 900 ಬಾಕ್ಸ್, ಅದೂ ಏಳು ಅಳತೆ. ನಾನು ಎಷ್ಟಕ್ಕೆ ಮಾತು ಕೊಟ್ಟರೂ ಅವರಿಗೆ ಲೆಕ್ಕಕ್ಕೇ ಇಲ್ಲ ಅನ್ಸುತ್ತೆ.

ಬೆಲೆಪಟ್ಟಿ
@ಚಿಕ್ಕಆರ್ಡರ್ ನಿಮ್ಮ ಕೈಲಿರೋದು ಅಳತೆ. ಏಳನ್ನ ಮೂರಕ್ಕೆ ಇಳಿಸೋಕಾಗುತ್ತಾ ನೋಡಿ. ಆಗದಿದ್ದರೆ ಏಳಕ್ಕೂ ಒಂದೇ ಕಾಗದ ಜೋಡಣೆ, ಒಂದೇ ಬಣ್ಣ ಇಡಿ. ಆಗ ಅವರು ಒಂದೇ ಬಗೆಯ ಕಾಗದ ಒಟ್ಟಿಗೆ ತರಿಸಬಹುದು, ಇಂಕ್ ತೊಳೆಯದೆ ಒಂದರ ಹಿಂದೆ ಒಂದು ಓಡಿಸಬಹುದು. "ಏಳೂ ಅಳತೆಯನ್ನ ತಿಂಗಳಲ್ಲಿ ಒಂದೇ ದಿನ ಆರ್ಡರ್ ಮಾಡ್ತೀವಿ, ಒಟ್ಟು ಸಂಖ್ಯೆಯ ಮೇಲೆ ದರ ಕೊಡಿ" ಅಂತ ಕೇಳಿ. ಪ್ರಿಂಟಿಂಗ್ ಇಲ್ಲದ ಖಾಲಿ ಬಾಕ್ಸ್ ಆಗುತ್ತೆ ಅಂದ್ರೆ ಇನ್ನೂ ಸುಲಭ.

ಚಿಕ್ಕಆರ್ಡರ್
ನಾಲ್ಕಕ್ಕೆ ಇಳಿಸಬಹುದು. ಒಳಗೆ ಸ್ವಲ್ಪ ತುಂಬೋ ಕಾಗದ ಜಾಸ್ತಿ ಬೇಕಾಗುತ್ತೆ.

ಲೆಕ್ಕದಕ್ಕ
ಆ ಕಾಗದದ ಖರ್ಚು, ಬಾಕ್ಸ್ ದೊಡ್ಡದಾದರೆ ಏರೋ ಸಾಗಣೆ ಖರ್ಚು ಎರಡನ್ನೂ ರಿಯಾಯಿತಿಯಿಂದ ಕಳೆದು ನೋಡಿ. ಸಾಗಣೆಯವರು ಗಾತ್ರದ ಲೆಕ್ಕದಲ್ಲಿ ಬಿಲ್ ಮಾಡಿದರೆ ಉಳಿದದ್ದು ಅಲ್ಲೇ ಹೋಗುತ್ತೆ.

ಹೊಸಖರೀದಿ
ಕರಡು ಕಳಿಸಿದ್ದೆ, ತಯಾರಾದ ಮಾಲಿನ ತಿದ್ದುಪಡಿ ಸೇರಿಸಿ. ಉತ್ತರ ಬಂತು. ಲಾಟ್ ಅಳತೆ ಅವರಿಗೆ ಇಷ್ಟವಾಗಿದೆ. ಆದ್ರೆ 6% ಅನ್ನ ಬಿಲ್‌ನಲ್ಲಿ ಕೊಡಲ್ಲ, ವರ್ಷದ ಕೊನೆಗೆ 40,000 ಆದ ಮೇಲೆ ಒಟ್ಟಿಗೆ ಕ್ರೆಡಿಟ್ ನೋಟ್ ಕೊಡ್ತೀವಿ ಅಂತಿದ್ದಾರೆ. ಜೊತೆಗೆ "ಕಚ್ಚಾವಸ್ತುವಿನ ದರ ಏರಿದರೆ ದರ ಬದಲಾಗಬಹುದು" ಅಂತ ಒಂದು ಸಾಲು. ಇದು ಒಪ್ಪಬಹುದಾ?

ನೇರಮಾತು
ನೋಡಿ, ಇದಕ್ಕೇ ನಾನು ಹೇಳಿದ್ದು. ಈಗಲಾದರೂ ಇನ್ನೊಬ್ಬರ ಕೊಟೇಶನ್ ತೆಗೀರಿ.

ಲೆಕ್ಕದಕ್ಕ
ಅವಸರ ಬೇಡ, ಇದು ನಿರಾಕರಣೆ ಅಲ್ಲ. ನೀವು ಮಾತು ನಡೆಸಿಕೊಡ್ತೀರೋ ಇಲ್ಲವೋ ಅನ್ನೋ ಭಯ ಅವರಿಗೆ. ಆದ್ರೆ ಹಾಗೇ ಒಪ್ಪಬೇಡಿ. ಮೊದಲ ತಿಂಗಳ ರಿಯಾಯಿತಿ ವರ್ಷವಿಡೀ ಅವರ ಹತ್ತಿರ ಇರುತ್ತೆ. 39,500ಕ್ಕೆ ನಿಂತರೆ ಒಂದು ಕಾಸೂ ಇಲ್ಲ. ಕ್ರೆಡಿಟ್ ನೋಟ್ ಅಂದ್ರೆ ಮುಂದಿನ ಬಿಲ್‌ನಲ್ಲಿ ಕಳೆಯೋದು, ಅಂದ್ರೆ ಅವರಿಂದಲೇ ಮತ್ತೆ ಕೊಳ್ಳಬೇಕು.

ಮಧ್ಯದ ದಾರಿ ಕೇಳಿ. ಬಿಲ್‌ನಲ್ಲೇ 97, ಉಳಿದ 3 ಮೂರು ತಿಂಗಳಿಗೊಮ್ಮೆ, ಆ ಅವಧಿಯ ಲಾಟ್‌ಗಳು ವೇಳಾಪಟ್ಟಿಯಂತೆ ಹೋಗಿದ್ದರೆ. ಕರಾರು ಮುಗಿದಾಗ ಬಾಕಿ ಕ್ರೆಡಿಟ್ ಇದ್ದರೆ 30 ದಿನದಲ್ಲಿ ನಗದಾಗಿ ಕೊಡಬೇಕು ಅಂತ ಒಂದು ಸಾಲು. ಅವರ ಭಯಕ್ಕೂ ಉತ್ತರ ಆಯ್ತು, ನಿಮ್ಮ ದುಡ್ಡೂ ವರ್ಷವಿಡೀ ಸಿಕ್ಕಿಕೊಳ್ಳಲ್ಲ.

ಬೆಲೆಪಟ್ಟಿ
ಕಚ್ಚಾವಸ್ತುವಿನ ಸಾಲನ್ನ ಪೂರ್ತಿ ತೆಗೆಸೋಕೆ ಹೋಗಬೇಡಿ, ತೆಗೆಯಲ್ಲ. ಕಾಗದ ಏರಿದ ಮೇಲೂ 94ಕ್ಕೇ ಕೊಡೋ ಹಾಗಾದ್ರೆ ಮಾಲು ತಡ ಆಗುತ್ತೆ, ಇಲ್ಲ ಗುಣಮಟ್ಟ ಇಳಿಯುತ್ತೆ. ಸಾಲಿಗೆ ಅಳತೆ ಹಾಕಿಸಿ. ದರದಲ್ಲಿ ಕಾಗದದ ಪಾಲು ಎಷ್ಟು ಅಂತ ಅವರೇ ಬರೆದುಕೊಡಲಿ. 60% ಅಂದರು ಅನ್ನಿ. ಕಾಗದ 10% ಏರಿದರೆ ಬಾಕ್ಸ್ ದರ 6% ಮಾತ್ರ ಏರಬೇಕು, 10 ಅಲ್ಲ. 5%ಕ್ಕಿಂತ ಕಡಿಮೆ ಏರಿಳಿತಕ್ಕೆ ದರ ಮುಟ್ಟೋದು ಬೇಡ. ಇಳಿದಾಗಲೂ ಇದೇ ಲೆಕ್ಕ ನಡೀಬೇಕು. ಯಾವ ದಿನದ ಕಾಗದದ ದರದಿಂದ ಎಣಿಸೋದು, ಯಾವ ಪ್ರಕಟಿತ ದರ ನೋಡೋದು ಅನ್ನೋದೂ ಬರೀಬೇಕು. ಆ ದಿನಾಂಕ ಇಲ್ಲದ ಕರಾರಿನಲ್ಲಿ ಪ್ರತಿ ಸಲ ಜಗಳ.

ಗೋದಾಮುಲೆಕ್ಕ
ಇದಕ್ಕೆ ಸೇರಿದ ಇನ್ನೊಂದು. ಕರಾರಿನಲ್ಲಿ "6% ರಿಯಾಯಿತಿ" ಅಂತ ಬರೆಸಬೇಡಿ, "94" ಅಂತ ಬರೆಸಿ. ಶೇಕಡಾ ಅಂದ್ರೆ ಯಾವುದರ ಮೇಲೆ? ಅವರ ದರಪಟ್ಟಿ ನಾಳೆ 107 ಆದರೆ 6% ಕಳೆದರೂ ನೀವು 100ಕ್ಕೂ ಮೇಲೆ ಕಟ್ತಿರ್ತೀರಿ.

ಒಂದೇಗಂಟು
40,000 ದಾಟಿದರೆ ಎಲ್ಲಾ ಬಾಕ್ಸಿಗೂ 92 ಅಂತ ಯಾಕೆ ಕೇಳಬಾರದು? ಮೇಲಿನ ಬಾಕ್ಸಿಗೆ ಮಾತ್ರ ಅಂದ್ರೆ ತುಂಬಾ ಕಡಿಮೆ ಆಯ್ತು.

ಲೆಕ್ಕದಕ್ಕ
ಕೇಳಬಹುದು, ಕೊಡಲ್ಲ. ಗಡಿ ದಾಟಿದ ಕೂಡಲೇ ಹಿಂದಿನ ಎಲ್ಲದಕ್ಕೂ ದರ ಇಳಿದರೆ ಒಂದು ವಿಚಿತ್ರ ಹುಟ್ಟುತ್ತೆ. 5,000ಕ್ಕೆ 95, ಅದಕ್ಕಿಂತ ಕಡಿಮೆಗೆ 100 ಅನ್ನೋ ಪಟ್ಟಿ ತಗೊಳ್ಳಿ. 4,800 ಬಾಕ್ಸಿಗೆ 4,80,000. 5,000ಕ್ಕೆ 4,75,000. ಬೇಡದ 200 ಬಾಕ್ಸ್ ತಗೊಂಡವರಿಗೇ ಲಾಭ. ಕೊಳ್ಳೋರು ವರ್ಷದ ಕೊನೆಯಲ್ಲಿ ಸುಮ್ಮನೆ ರಾಶಿ ಹಾಕ್ತಾರೆ, ಮುಂದಿನ ವರ್ಷದ ಮೊದಲ ಎರಡು ತಿಂಗಳು ಆರ್ಡರೇ ಇಲ್ಲ. ಮಾರೋರಿಗೆ ಇದು ಗೊತ್ತು.

@ಹೊಸಖರೀದಿ ನಿಮ್ಮ ಪ್ರಸ್ತಾಪದಲ್ಲಿ 48,000 ಪೂರ್ತಿ ತಗೊಂಡರೆ ಸರಾಸರಿ ದರ 93.67. ಅಂದ್ರೆ 6.3% ಇಳಿಕೆ. ಮೇಲಿನವರ 8% ಇದರಿಂದ ಬರಲ್ಲ, ಮೊದಲೇ ಹೇಳಿಬಿಡಿ. ಇನ್ನೊಂದು 1% ಬೇಕಿದ್ದರೆ ಪಾವತಿಯಲ್ಲಿ ಹುಡುಕಿ. 30 ದಿನದ ಬದಲು 15 ದಿನಕ್ಕೆ ಕಟ್ಟಿದರೆ ನಿಮಗೆ ಬೀಳೋದು 15 ದಿನದ ಬಡ್ಡಿ ಮಾತ್ರ, ಜಾಗ, ಹಾಳಾಗೋದು ಎಲ್ಲ ಸೇರಿದ 1.5%ರಲ್ಲೇ ಎಣಿಸಿದರೂ 0.75% ದಾಟಲ್ಲ. ಅವರು 1% ಕೊಟ್ಟರೆ ಒಪ್ಪಿ, ಅರ್ಧ ಪರ್ಸೆಂಟ್ ಅಂದ್ರೆ ನಿಮ್ಮ ಬಡ್ಡಿ ಎಷ್ಟು ಅಂತ ನೋಡಿ ನಿರ್ಧರಿಸಿ.

ಹೊಸಖರೀದಿ
97 + 3, ಕಾಗದದ ಪಾಲಿನ ಲೆಕ್ಕ, ಎರಡನ್ನೂ ಬರೆದು ಕಳಿಸ್ತೀನಿ. ಪಾವತಿ ವಿಷಯ ಅದೇ ಮೇಲ್‌ನಲ್ಲಿ ಹಾಕಲಾ?

ಗೋದಾಮುಲೆಕ್ಕ
ಹಾಕಿ. ಒಂದೊಂದಾಗಿ ಕೇಳ್ತಾ ಹೋದರೆ ಮುಗಿಯೋದೇ ಇಲ್ಲ ಅಂತ ಅವರಿಗೂ ಬೇಜಾರಾಗುತ್ತೆ.

ಬೆಲೆಪಟ್ಟಿ
ನಾನು ಬೇಡ ಅಂತೀನಿ. ದರಕ್ಕೆ ಒಪ್ಪಿಗೆ ಕೊಡೋದು ಮಾರಾಟದವರು, ಪಾವತಿ ಅವಧಿಗೆ ಒಪ್ಪಿಗೆ ಅಕೌಂಟ್ಸ್‌ನವರದು. ಒಂದೇ ಮೇಲ್‌ನಲ್ಲಿ ಎರಡೂ ಇದ್ದರೆ ಅದು ಎರಡು ಮೇಜಿನ ನಡುವೆ ಓಡಾಡ್ತಾ ಇರುತ್ತೆ, ಯಾರೂ ಉತ್ತರ ಬರೆಯಲ್ಲ. ಮೊದಲು 97 + 3 ಮುಗಿಸಿ.

ಗೋದಾಮುಲೆಕ್ಕ
ದೊಡ್ಡ ಕಂಪನಿಯಾದರೆ ನಿಮ್ಮ ಮಾತು ಸರಿ. ಮಾಲೀಕರೇ ಮೇಲ್ ಓದೋ ಕಡೆ ಎಲ್ಲ ಒಟ್ಟಿಗೆ ಇದ್ದರೇ ಒಳ್ಳೇದು. @ಹೊಸಖರೀದಿ ನಿಮಗೆ ಉತ್ತರ ಬರೆದದ್ದು ಯಾರು?

ಹೊಸಖರೀದಿ
ಮಾರಾಟದವರು, ಸಿಸಿಯಲ್ಲಿ ಮಾಲೀಕರು ಇದ್ದಾರೆ.

ಬೆಲೆಪಟ್ಟಿ
ಹಾಗಾದ್ರೆ ಮಾರಾಟದವರಿಗೆ ಒಂದು ಫೋನ್ ಮಾಡಿ, ಪಾವತಿ ವಿಷಯ ಯಾರು ನಿರ್ಧರಿಸ್ತಾರೆ ಅಂತ ಕೇಳಿ, ಆಮೇಲೆ ಮೇಲ್ ಬರೀರಿ. ಮಾಲೀಕರಿಗೆ ನೇರ ಬರೆದು ಮಾರಾಟದವರನ್ನ ದಾಟಿ ಹೋಗಬೇಡಿ, ವರ್ಷವಿಡೀ ನಿಮ್ಮ ಲಾಟ್ ಓಡಿಸೋ ದಿನ ಹಾಕೋರು ಅವರೇ.